ಮಾಟಣ್ಣನ ಗಂಟಲು

ಕೇಳುಗರಿಗೆ ನಮಸ್ಕಾರ. ಮೊದಲು ಒಂದು ಶಬ್ದ ಕೇಳಿ.

(ಧ್ವನಿ: ನಿಧಾನಗೊಳಿಸಿದ ಗಂಡಸಿನ ಕೂಗು)

ಇದು ಪ್ರಾಣಿಯ ಕೂಗು ಅಂತ ನಾನು ಅಂದುಕೊಂಡಿದ್ದೆ. ಒಂದು ರಾತ್ರಿಯಿಡೀ ಕೂತು ಮಾಡಿದ್ದು. ಬೆಳಿಗ್ಗೆ ಅಕ್ಕನ ಮಗಳಿಗೆ ಕೇಳಿಸಿದೆ. ಏಳನೇ ಕ್ಲಾಸಿನ ಹುಡುಗಿ. ಅರ್ಧ ಕೇಳುವಷ್ಟರಲ್ಲೇ, "ಮಾವ, ಇದು ನೀವೇ ಅಲ್ವಾ? ಟೇಪ್ ಸಿಕ್ಕಿಕೊಂಡ ಹಾಗೆ ಉಂಟು" ಅಂದಳು.

ಮಕ್ಕಳ ಬಾನುಲಿ ನಾಟಕವೊಂದಕ್ಕೆ ಬೇಕಾದ ಕೂಗು ಅದು. ನಮ್ಮ ಕಾಸರಗೋಡಿನ ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರುತ್ತಾರಲ್ಲ, ಅಂಥ ಸುರಂಗದೊಳಗೆ ವಾಸ ಮಾಡುವ ಒಂದು ಪ್ರಾಣಿಯ ಕಥೆ. ಕೋಣದಷ್ಟು ದೊಡ್ಡದು, ಕಣ್ಣು ಕಾಣದು, ಮಾತು ಬಾರದು. ಬಿಲಕ್ಕೆ ನಾವು ಮಾಟೆ ಅಂತೇವೆ. ಹಾಗಾಗಿ ಮಕ್ಕಳು ಅದಕ್ಕೆ ಮಾಟಣ್ಣ ಅಂತ ಹೆಸರಿಟ್ಟರು. ಭೂತ ಅಲ್ಲ, ಪಾಪದ ಪ್ರಾಣಿ. ಅದಕ್ಕೊಂದು ಗಂಟಲು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. "ಹೋ" ಅಂತ ಜೋರಾಗಿ ಕೂಗಿ ರೆಕಾರ್ಡ್ ಮಾಡಿದೆ. ಕಂಪ್ಯೂಟರಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದೆ. ಅರ್ಧ ವೇಗ ಅಂದರೆ ಶ್ರುತಿಯೂ ಅರ್ಧ. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಬಿಳಿ ಎಲ್ಲ ಸೇರಿ ಹನ್ನೆರಡು ಮನೆ ಕೆಳಗೆ. ಒಂದು ಸೆಕೆಂಡಿನ ಕೂಗು ಎರಡು ಸೆಕೆಂಡು ಆಗುತ್ತದೆ.

ಇದರಿಂದ ದನಿ ದೊಡ್ಡದಾಗಿ ಕೇಳುವುದು ನಿಜ. ಅದಕ್ಕೆ ಕಾರಣವೂ ಉಂಟು. ಗಂಟಲಿನಿಂದ ತುಟಿಯವರೆಗೆ ಒಂದು ಕೊಳವೆ ಇದೆ ಅಂದುಕೊಳ್ಳಿ. ದೊಡ್ಡ ಗಂಡಸಿಗೆ ಅದು ಸುಮಾರು 17 ಸೆಂಟಿಮೀಟರ್. ಬಾಟಲಿ ಬಾಯಿಗೆ ಊದಿದರೆ ಒಂದು ದನಿ, ಕೊಡದ ಬಾಯಿಗೆ ಊದಿದರೆ ಇನ್ನೊಂದು ದನಿ ಬರುತ್ತದಲ್ಲ, ಹಾಗೆಯೇ ಈ ಕೊಳವೆಗೂ ತನ್ನದೇ ಅನುರಣನ ಇರುತ್ತದೆ. ವೇಗ ಅರ್ಧ ಮಾಡಿದಾಗ ಆ ಅನುರಣನವೂ ಅರ್ಧಕ್ಕೆ ಇಳಿಯುತ್ತದೆ. ಆಗ ಕಿವಿ, ಕೊಳವೆ 34 ಸೆಂಟಿಮೀಟರ್ ಉದ್ದ ಇರಬೇಕು ಅಂತ ಲೆಕ್ಕ ಹಾಕುತ್ತದೆ. ಅಂದರೆ ದೊಡ್ಡ ಮೈ.

ಹಾಗಿದ್ದರೂ ಹುಡುಗಿ ನನ್ನನ್ನು ಹಿಡಿದದ್ದು ಹೇಗೆ? ಬಾಯಿ ತೆರೆಯುವ, ಮುಚ್ಚುವ ರೀತಿಯಿಂದ. ಮನುಷ್ಯರ ದವಡೆ, ನಾಲಿಗೆ ಎಷ್ಟು ಬೇಗ ಆಡುತ್ತವೆ ಅಂತ ನಮ್ಮ ಕಿವಿಗೆ ಹುಟ್ಟಿದಾಗಿನಿಂದ ಅಭ್ಯಾಸ. "ಹೋ" ಅನ್ನುವ ಸ್ವರ ಗುರುತಿಗೆ ಸಿಕ್ಕಿತು ಅಂದರೆ, ಅದನ್ನು ಎಷ್ಟು ಇಳಿಸಿದರೂ ಕಿವಿ ಹೇಳುವುದು ಒಂದೇ: ನಿಧಾನವಾದ ಮನುಷ್ಯ. ಒಂದು ಫೋಟೊವನ್ನು ದೊಡ್ಡದು ಮಾಡಿದ ಹಾಗೆ. ಕರುವಿನ ಫೋಟೊವನ್ನು ಗೋಡೆಯಷ್ಟು ದೊಡ್ಡ ಮಾಡಿದರೂ ಅದರ ಕುತ್ತಿಗೆಯ ಹಗ್ಗವೂ ಒಟ್ಟಿಗೆ ದೊಡ್ಡದಾಗುತ್ತದೆ. ನೋಡಿದವರು ದೊಡ್ಡ ಪ್ರಾಣಿ ಅನ್ನುವುದಿಲ್ಲ, ದೊಡ್ಡ ಫೋಟೊ ಅನ್ನುತ್ತಾರೆ.

ಹಾಗಾಗಿ ಎರಡನೇ ಸಲ ಮೂರು ಬೇರೆ ಶಬ್ದ ತೆಗೆದುಕೊಂಡು ಒಂದರ ಮೇಲೊಂದು ಇಟ್ಟೆ. ಮೂರನ್ನೂ ಒಂದೇ ಅಳತೆಗೆ ಇಳಿಸಲಿಲ್ಲ. ಗುಟ್ಟು ಇರುವುದು ಅಲ್ಲೇ.

ಮೈಗೆ ಬೇಕಾದ ಶಬ್ದ ನಮ್ಮ ಹಟ್ಟಿಯಲ್ಲೇ ಇತ್ತು. ಕಾಸರಗೋಡು ಗಿಡ್ಡ ತಳಿಯ ಒಂದು ಕರು. ದೊಡ್ಡ ಪ್ರಾಣಿ ಬೇಕಾದರೆ ಕೋಣವನ್ನೇ ರೆಕಾರ್ಡ್ ಮಾಡಬಾರದಾ ಅಂತ ನೀವು ಕೇಳಬಹುದು. ಕೋಣದ ದನಿ ಮೊದಲೇ ತಗ್ಗಿನಲ್ಲಿರುತ್ತದೆ, ಅದನ್ನು ಇಳಿಸಲು ಕೆಳಗೆ ಜಾಗವೇ ಇಲ್ಲ. ಚಿಕ್ಕ ಪ್ರಾಣಿಯ ದನಿಯನ್ನು ಆರಾಮವಾಗಿ ಇಳಿಸಬಹುದು. ಅಲ್ಲದೆ ಹೊಟ್ಟೆ ಹಸಿದ ಕರುವಿನ ಕೂಗಿನಲ್ಲಿ ಒಂದು ಒಡಕು ಇರುತ್ತದೆ. ಇಳಿಸಿದಾಗ ಅದು ಗುಟುರಿನ ಹಾಗೆ ಆಗುತ್ತದೆ.

ಸಂಜೆ ಹಾಲು ಕರೆಯುವ ಹೊತ್ತಿಗೆ ಕರುವನ್ನು ದೂರ ಕಟ್ಟಿದ್ದರು. ಅದು ಕೂಗಿತು, ನಾನು ಹಿಡಿದೆ. ಉತ್ಸಾಹ ಜಾಸ್ತಿಯಾಗಿ ಹತ್ತೊಂಬತ್ತು ಮನೆ ಇಳಿಸಿಬಿಟ್ಟೆ. ಅಂದರೆ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ವೇಗ. ಕೇಳಿದರೆ ಕೂಗಿನ ಹಿಂದೆ ಯಾರೋ ಬಿಡದೆ ಸಿಳ್ಳೆ ಹಾಕುತ್ತಿದ್ದಾರೆ! ಎಷ್ಟು ಹುಡುಕಿದರೂ ತಲೆಗೆ ಹೊಳೆಯಲಿಲ್ಲ. ಕೊನೆಗೆ ಇಳಿಸದ ರೆಕಾರ್ಡಿಂಗನ್ನೇ ಹೆಡ್‌ಫೋನಿನಲ್ಲಿ ಕೇಳಿದಾಗ ಗೊತ್ತಾಯಿತು, ಅದು ಜೀರುಂಡೆ. ಸಂಜೆಯ ಜೀರುಂಡೆಯ ದನಿ ಸೆಕೆಂಡಿಗೆ ನಾಲ್ಕೂವರೆ ಸಾವಿರ ಕಂಪನದ, ಅಂದರೆ ನಾಲ್ಕೂವರೆ ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ ಇರುತ್ತದೆ. ನಮಗೆ ಅದು ದಿನಾ ಕೇಳಿ ಕೇಳಿ ಕೇಳದ ಹಾಗೆ ಆಗಿದೆ. ಮೂರನೇ ಒಂದು ಪಾಲಿಗೆ ಇಳಿದರೆ ಒಂದೂವರೆ ಸಾವಿರ. ಅದು ಮನುಷ್ಯರು ಸಿಳ್ಳೆ ಹಾಕುವ ಜಾಗ. ಇಳಿಸುವಾಗ ಬೇಕಾದ್ದು ಮಾತ್ರ ಇಳಿಯುವುದಿಲ್ಲ, ಹಿಂದೆ ಇರುವುದೆಲ್ಲ ಇಳಿಯುತ್ತದೆ. ಕೋಣೆಯ ಗುಂಯ್ ಅನ್ನುವ ಪ್ರತಿಧ್ವನಿಯೂ ಅಷ್ಟೇ, ಅದು ಕೂಡ ಮೂರು ಪಟ್ಟು ಉದ್ದವಾಗುತ್ತದೆ. ಆಗ ಪ್ರಾಣಿ ದೊಡ್ಡದಾದ ಹಾಗೆ ಕೋಣೆಯೂ ದೊಡ್ಡದಾಗಿ ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಜೀರುಂಡೆ ಸುಮ್ಮನಾದ ಮೇಲೆ, ಮೈಕನ್ನು ಕರುವಿನ ಮೂತಿಯಿಂದ ಒಂದು ಗೇಣು ದೂರ ಹಿಡಿದು ಮತ್ತೆ ರೆಕಾರ್ಡ್ ಮಾಡಿದೆ. ಮೈಕಿಗೆ ಒಂದು ಸಲ ನೆಕ್ಕಿಸಿಕೊಂಡದ್ದೂ ಆಯಿತು.

ಎರಡನೇ ಶಬ್ದ ನನ್ನದೇ ಗಂಟಲು. ಈ ಸಲ ಉಸಿರು ಹೊರಗೆ ಬಿಡುತ್ತಾ ಕೂಗಲಿಲ್ಲ, ಒಳಗೆ ಎಳೆಯುತ್ತಾ ದನಿ ಹೊರಡಿಸಿದೆ. ಮಾಡಿ ನೋಡಿ, ಬಿರಿದ ಕರಕರ ದನಿ ಬರುತ್ತದೆ. ಮನುಷ್ಯರು ಹಾಗೆ ಮಾತಾಡುವುದಿಲ್ಲವಾದ್ದರಿಂದ ಕಿವಿಗೆ ಗುರುತು ಸಿಗುವುದು ಕಷ್ಟ. ತುಟಿ ಅಲ್ಲಾಡಿಸಬಾರದು, ಸ್ವರ ಬದಲಿಸಬಾರದು. ಇದನ್ನು ನಾಲ್ಕು ಮನೆ ಮಾತ್ರ ಇಳಿಸಿದೆ. ಆದರೆ ಉದ್ದ ಹಾಗೇ ಉಳಿಯುವ ವಿಧಾನದಲ್ಲಿ. ಇದರಲ್ಲಿ ಕಂಪ್ಯೂಟರ್ ಶಬ್ದವನ್ನು ಸಣ್ಣ ಸಣ್ಣ ಚೂರು ಮಾಡಿ ಮತ್ತೆ ಹೆಣೆಯುತ್ತದೆ. ನಾಲ್ಕೈದು ಮನೆಯವರೆಗೆ ತೊಂದರೆ ಇಲ್ಲ. ಜಾಸ್ತಿ ಇಳಿಸಿದರೆ ಹೆಣಿಗೆ ಬಿಟ್ಟು, ನೀರೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ವಾಟ್ಸಾಪಿನಲ್ಲಿ ಬಂದ ಆಡಿಯೊವನ್ನು ಇಳಿಸಿದರೂ ಇದೇ ಗತಿ. ಕಳಿಸುವಾಗ ಶಬ್ದವನ್ನು ಹಿಂಡಿರುತ್ತಾರೆ, ಆ ಗಾಯ ಇಳಿಸಿದಾಗ ಎದ್ದು ಕಾಣುತ್ತದೆ.

ಮೂರನೆಯದು ಅಡಿಕೆ ಹಾಳೆ. ರಾತ್ರಿ ನೀರಲ್ಲಿ ನೆನೆಸಿಟ್ಟ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಚಿದರೆ ಕಿರ್ರ್ ಅಂತ ಒಂದು ಶಬ್ದ. ಚರ್ಮ ಎಳೆದ ಹಾಗೆ, ಒದ್ದೆ ಬಾಯಿ ತೆರೆದ ಹಾಗೆ. ಪ್ರಾಣಿಯ ದನಿಗೆ ಪ್ರಾಣಿಯೇ ಆಗಬೇಕು ಅಂತ ಇಲ್ಲ. 1954ರಲ್ಲಿ ಜಪಾನಿನ ಗಾಡ್ಜಿಲ್ಲಾ ಚಿತ್ರಕ್ಕೆ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಆ ಗರ್ಜನೆ ಮಾಡಿಸಿದ್ದು ತೊಗಲಿನ ಕೈಗವಸನ್ನು ಡಬಲ್ ಬಾಸ್ ವಾದ್ಯದ ತಂತಿಯ ಮೇಲೆ ಉಜ್ಜಿಸಿ. ಆ ಶಬ್ದವನ್ನು ಆಮೇಲೆ ನಿಧಾನ ಮಾಡಿದರು.

ಆದರೆ ನಾನು ಹಾಳೆಯನ್ನು ಇಳಿಸಲೇ ಇಲ್ಲ. ಹೇಗೆ ಬಂತೋ ಹಾಗೇ ಇಟ್ಟೆ. ಫೋಟೊದ ಮಾತು ನೆನಪಿಸಿಕೊಳ್ಳಿ. ಪಕ್ಕದಲ್ಲಿ ದೊಡ್ಡದಾಗದ ಒಂದು ವಸ್ತು ಇದ್ದರೆ ತಾನೇ ಪ್ರಾಣಿ ದೊಡ್ಡದು ಅಂತ ಗೊತ್ತಾಗುವುದು? ಇನ್ನೊಂದು ಲಾಭವೂ ಉಂಟು. ಸಾಮಾನ್ಯ ರೆಕಾರ್ಡಿಂಗಿನಲ್ಲಿ ಸುಮಾರು 22,000 ಹರ್ಟ್ಸ್‌ವರೆಗಿನ ಶಬ್ದ ಇರುತ್ತದೆ. ಅರ್ಧ ವೇಗಕ್ಕೆ ಇಳಿಸಿದರೆ 11,000ದ ಮೇಲೆ ಏನೂ ಉಳಿಯುವುದಿಲ್ಲ. ಕಂಬಳಿ ಹೊದಿಸಿದ ಹಾಗೆ ಮಂಕಾಗುತ್ತದೆ. ಆ ಖಾಲಿ ಜಾಗವನ್ನು ಇಳಿಸದ ಹಾಳೆ ತುಂಬಿಕೊಟ್ಟಿತು.

ಇಷ್ಟಾದ ಮೇಲೆ ಮೂರನ್ನೂ ಸೇರಿಸಿ ಹೆಡ್‌ಫೋನಿನಲ್ಲಿ ಕೇಳಿದೆ. ಮೈ ಜುಂ ಅಂದಿತು. ಅದನ್ನೇ ಮೊಬೈಲ್ ಸ್ಪೀಕರಿನಲ್ಲಿ ಹಾಕಿ ಅಕ್ಕನ ಮಗಳಿಗೆ ಕೇಳಿಸಿದರೆ, "ಯಾರೋ ಹಾಳೆ ತಿರುಚುವ ಹಾಗೆ ಉಂಟು" ಅಂದಳು. ಅವಳಿಗೆ ಹಾಳೆಯ ವಿಷಯ ಯಾರೂ ಹೇಳಿರಲಿಲ್ಲ! ತಪ್ಪು ನನ್ನದೇ. ಕರುವಿನ ಹೊಸ ಕೂಗನ್ನೂ ನಾನು ಹತ್ತೊಂಬತ್ತು ಮನೆಯೇ ಇಳಿಸಿದ್ದೆ. ಪರದೆಯ ಮೇಲೆ ನೋಡಿದರೆ ಕರು ಕೂಗಿದ್ದು ಸುಮಾರು 200 ಹರ್ಟ್ಸ್‌ನಲ್ಲಿ. ಮೂರನೇ ಒಂದು ಪಾಲು ಅಂದರೆ 67. ಮೊಬೈಲಿನ ಚಿಕ್ಕ ಸ್ಪೀಕರಿನಿಂದ ಅದು ಹೊರಗೆ ಬರುವುದೇ ಇಲ್ಲ. ಮಾಟಣ್ಣನ ಮೈಯೇ ಹೋಗಿ ಬರೀ ಚರ್ಮ ಉಳಿದಿತ್ತು.

ಹತ್ತೊಂಬತ್ತನ್ನು ಏಳಕ್ಕೆ ತಂದೆ. ಈಗ 133 ಹರ್ಟ್ಸ್, ಚಿಕ್ಕ ರೇಡಿಯೊದಲ್ಲೂ ಕೇಳುತ್ತದೆ. 1.2 ಸೆಕೆಂಡಿನ ಕೂಗು 1.8 ಸೆಕೆಂಡು ಆಯಿತು. ಜೊತೆಗೆ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟೆ, ಅಂದರೆ ದನಿ ಬೇಕೆಂದೇ ಒಡೆಯುವ ಹಾಗೆ ಮಾಡಿದೆ. ಹಾಗೆ ಒಡೆದಾಗ ಆ ಶ್ರುತಿಯ ಎರಡು ಪಟ್ಟು, ಮೂರು ಪಟ್ಟಿನ ದನಿಗಳು ಬಲವಾಗುತ್ತವೆ. ಅವನ್ನು ಕೇಳಿದರೆ ಸಾಕು, ಕೆಳಗಿನ ದನಿಯನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ.

ಉಳಿದದ್ದು ಜೋಡಣೆ. ಮೂರು ಶಬ್ದ ಒಂದೇ ಗಂಟಲಿನಿಂದ ಬಂದ ಹಾಗೆ ಕೇಳಬೇಕಾದರೆ ಒಟ್ಟಿಗೆ ಹುಟ್ಟಬೇಕು, ಒಟ್ಟಿಗೆ ಸಾಯಬೇಕು. ನನ್ನ ಹಾಳೆ ಕರುವಿಗಿಂತ 60 ಮಿಲಿಸೆಕೆಂಡು ತಡವಾಗಿ ಶುರುವಾಗುತ್ತಿತ್ತು. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಆದರೂ ಕಿವಿಗೆ ಪ್ರಾಣಿ ಒಂದು, ಪಕ್ಕದಲ್ಲಿ ಹಾಳೆ ಹಿಡಿದವನು ಒಬ್ಬ ಅಂತ ಎರಡಾಗಿ ಕೇಳಿತು. ಎಳೆದು ಹತ್ತು ಹದಿನೈದು ಮಿಲಿಸೆಕೆಂಡಿನೊಳಗೆ ತಂದೆ. ಆಮೇಲೆ ಕರುವಿನ ಕೂಗು ಏರಿದಲ್ಲಿ ಹಾಳೆಯೂ ಏರುವ ಹಾಗೆ, ಇಳಿದಲ್ಲಿ ಇಳಿಯುವ ಹಾಗೆ ಮೌಸಿನಲ್ಲಿ ಗೆರೆ ಎಳೆದೆ. ಬೇಜಾರಿನ ಕೆಲಸ, ಆದರೆ ಅರ್ಧ ಜೀವ ಬಂದದ್ದು ಅಲ್ಲೇ. ಜೋರು ಕರುವಿನದ್ದು, ನನ್ನ ಗಂಟಲು ಅದಕ್ಕಿಂತ ಮೆಲ್ಲಗೆ, ಹಾಳೆ ಇದೆಯೋ ಇಲ್ಲವೋ ಅನ್ನುವಷ್ಟು.

ಸುರಂಗದ ಗುಂಯ್ ಬೇಕಲ್ಲ. ಅದನ್ನು ಕೊನೆಗೆ ಕೊಟ್ಟೆ, ಇಳಿಸುವ ಕೆಲಸ ಎಲ್ಲ ಮುಗಿದ ಮೇಲೆ. ನಮ್ಮ ತೋಟದ ಮೇಲಿನ ಸುರಂಗದ ಬಾಯಲ್ಲಿ ಬ್ಲೂಟೂತ್ ಸ್ಪೀಕರನ್ನು ಒಳಮುಖ ಮಾಡಿ ಇಟ್ಟು, ಹೊರಗೆ ಮೈಕ್ ಹಿಡಿದು ಕೂತೆ. ಒಬ್ಬರು ನಡೆಯುವಷ್ಟೇ ಅಗಲದ ಜಾಗ. ಒಳಗಿನ ನೀರು ತೊಟ್ಟಿಕ್ಕುವ ಶಬ್ದವೂ ಸೇರಿತು, ಅದನ್ನು ತೆಗೆಯಲಿಲ್ಲ.

ಕೂಗು ಗುಡ್ಡದ ಕೆಳಗೆ ಹಟ್ಟಿಯವರೆಗೂ ಹೋಯಿತು. ಕರುವಿನ ತಾಯಿ ಮೇವು ಬಿಟ್ಟು ಕಿವಿ ನಿಮಿರಿಸಿ ಸುರಂಗದ ಕಡೆ ನೋಡಿತು. ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಸುಮ್ನೆ ನೋಡುವ ಅಂತ ಇಳಿಸದ ಮೂಲ ಕೂಗನ್ನು ಹಾಕಿದೆ. ತಕ್ಷಣ "ಅಂಬಾ" ಅಂತ ಉತ್ತರ ಬಂತು. ಮತ್ತೆ ಮಾಟಣ್ಣನ ಕೂಗು ಹಾಕಿದೆ. ಉತ್ತರ ಇಲ್ಲ. ನಾನು ಮೈಕ್ ಮಡಚಿ ಮನೆಗೆ ಬಂದೆ.

(ಧ್ವನಿ: ಮಾಟಣ್ಣನ ಕೂಗು, ಸುರಂಗದಿಂದ, ನೀರು ತೊಟ್ಟಿಕ್ಕುವ ಶಬ್ದ, ನಿಧಾನಕ್ಕೆ ಮರೆಯಾಗುವುದು)