ನಾಳೆಯ ಮೀಟಿಂಗ್ ಮುಂದಕ್ಕೆ ಹೋದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳು. ಸಕಲೇಶಪುರದ ಕಡೆ ರೊಬಸ್ಟಾ ಕಾಫಿ ತೋಟಗಳಲ್ಲಿ ಹೂವಿಗೆ ನೀರು ಕೊಡುವ ಕಾಲ. ಅಲ್ಲೊಬ್ಬರು ಬೆಳೆಗಾರರಿದ್ದಾರೆ, ರೈತರ ಗುಂಪಿನ ಕೆಲಸವನ್ನೂ ನೋಡಿಕೊಳ್ಳುತ್ತಾರೆ ಅಂದುಕೊಳ್ಳಿ. ಗುಂಪಿನ ಸಾಲದ ವಿಚಾರಕ್ಕೆ 11ನೇ ತಾರೀಕು ಬುಧವಾರ ಬೆಳಿಗ್ಗೆ 11ಕ್ಕೆ ಹಾಸನದ ಬ್ಯಾಂಕಿನಲ್ಲಿ ಮೀಟಿಂಗ್ ಇಟ್ಟುಕೊಂಡಿದ್ದಾರೆ. ಬ್ಯಾಂಕ್ ಮ್ಯಾನೇಜರ್ ಇರುತ್ತಾರೆ, ಚಿಕ್ಕಮಗಳೂರಿನಿಂದ ಆಡಿಟರ್ ಬರುತ್ತಾರೆ. ಮಂಗಳವಾರ ಸಂಜೆ ಆರಕ್ಕೆ ತೋಟದ ಮೋಟಾರ್ ಸುಟ್ಟುಹೋಯಿತು. ಅರ್ಧ ತೋಟಕ್ಕೆ ನೀರು ಬಿದ್ದಿದೆ, ಅರ್ಧಕ್ಕೆ ಇಲ್ಲ. ಅರೆಬರೆ ನೀರು ಸಿಕ್ಕಿದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ವರ್ಷದ ಫಸಲಿಗೇ ಪೆಟ್ಟು. ಬುಧವಾರ ಅವರು ತೋಟ ಬಿಟ್ಟು ಬರುವ ಹಾಗಿಲ್ಲ.

ಈಗ ಮಾಡಬೇಕಾದ ಮೊದಲ ಕೆಲಸ ಫೋನ್. ಅದೂ ಆಡಿಟರ್‌ಗೆ. ಯಾಕೆಂದರೆ ಮ್ಯಾನೇಜರ್ ಹೇಗೂ ಬ್ಯಾಂಕಿನಲ್ಲೇ ಇರುತ್ತಾರೆ. ಆಡಿಟರ್ ಬೇಲೂರು ದಾಟಿ ಬರಬೇಕು, ಎಂಟೂವರೆಗೆಲ್ಲ ಮನೆ ಬಿಟ್ಟಿರುತ್ತಾರೆ. ಹನ್ನೊಂದರ ಮೀಟಿಂಗ್ ಅಂತ ಒಂಬತ್ತಕ್ಕೆ ಹೇಳಿದರೆ ಅವರ ಪಾಲಿಗೆ ಅದು ತಡವೇ. ಎದುರಿನವರು ಮನೆ ಬಿಡುವ ಹೊತ್ತನ್ನು ನೋಡಿ ಲೆಕ್ಕ ಹಾಕಬೇಕು, ಮೀಟಿಂಗ್ ಹೊತ್ತನ್ನಲ್ಲ.

ಫೋನ್ ಎತ್ತದಿದ್ದರೆ ವಾಟ್ಸಾಪ್ ಹಾಕಿ ಸುಮ್ನೆ ಕೂರಬೇಡಿ. ಮಲೆನಾಡಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುವುದು ನಮಗೆಲ್ಲ ಗೊತ್ತೇ ಇದೆ. ಒಂದೇ ಟಿಕ್ ಬಂದಿದ್ದರೆ ಮೆಸೇಜ್ ಅವರ ಫೋನಿಗೆ ತಲುಪಿಯೇ ಇಲ್ಲ. ಎಸ್ಸೆಮ್ಮೆಸ್ ಕೂಡ ಕಳಿಸಿ, ರಾತ್ರಿ ಇನ್ನೊಮ್ಮೆ ಫೋನ್ ಮಾಡಿ. 'ಸರಿ' ಅಂತ ಅವರ ಬಾಯಿಂದ ಬರುವವರೆಗೂ ಹೇಳಿದ ಹಾಗಾಗಲಿಲ್ಲ.

ಇನ್ನು ಮೆಸೇಜು. ಹೀಗಿರಬಹುದು, ಕೇಳಿ.

"ಸರ್, ನಮಸ್ಕಾರ. ಮಾರ್ಚ್ 11, ಬುಧವಾರ ಬೆಳಿಗ್ಗೆ 11ರ ಮೀಟಿಂಗಿಗೆ ನಾನು ಬರಲು ಆಗುತ್ತಿಲ್ಲ. ಹೂವಿಗೆ ನೀರು ಕೊಡುವಾಗ ಮೋಟಾರ್ ಸುಟ್ಟಿದೆ. ಇಷ್ಟು ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. 13, ಶುಕ್ರವಾರ ಮಧ್ಯಾಹ್ನ 3ಕ್ಕೆ, ಇಲ್ಲವೇ 17, ಮಂಗಳವಾರ ಬೆಳಿಗ್ಗೆ 11ಕ್ಕೆ ಬ್ಯಾಂಕಿಗೇ ಬರುತ್ತೇನೆ. ಅರ್ಧ ಗಂಟೆ ಸಾಕು. ಯಾವುದು ಆಗುತ್ತದೆ ಅಂತ ನಾಳೆ, ಬುಧವಾರ ಸಂಜೆಯೊಳಗೆ ತಿಳಿಸಿದರೆ ಇನ್ನೊಂದನ್ನು ಬಿಟ್ಟುಬಿಡುತ್ತೇನೆ."

ಮೀಟಿಂಗ್ ಇಲ್ಲ ಅನ್ನುವುದು ಮೊದಲ ಸಾಲಿನಲ್ಲೇ ಬಂತು. ಮೋಟಾರಿನ ಕಥೆ ಮೊದಲು ಬಂದಿದ್ದರೆ, ಗಡಿಬಿಡಿಯಲ್ಲಿ ಓದುವವರು ಕೊನೆಯವರೆಗೆ ಹೋಗದೆ ಬಸ್ ಹತ್ತಿಬಿಡಬಹುದು. ತಾರೀಕು ಮತ್ತು ವಾರ ಎರಡೂ ಇವೆ. ಬರೀ 'ನಾಳೆ' ಅಂತ ಬರೆದು, ಅವರು ಅದನ್ನು ಬುಧವಾರ ಬೆಳಿಗ್ಗೆ ನೋಡಿದರೆ, ಗುರುವಾರದ ಮಾತು ಅಂದುಕೊಳ್ಳುತ್ತಾರೆ. ಕ್ಷಮೆ ಒಂದೇ ಸಾಲು. ನನಗೆ ಇದೇ ಸರಿ ಅನಿಸುತ್ತದೆ. ನಾಲ್ಕು ಸಲ ಕ್ಷಮಿಸಿ ಅಂದರೆ, 'ಪರವಾಗಿಲ್ಲ ಬಿಡಿ' ಅಂತ ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ.

ಆ ಎರಡು ದಿನಗಳನ್ನೇ ಯಾಕೆ ಆರಿಸಿದ್ದು ಅಂತ ಹೇಳಬೇಕು. ಗುರುವಾರ ಕೊಡಲಿಲ್ಲ. ಮೋಟಾರಿಗೆ ರಿವೈಂಡಿಂಗ್ ಆಗಿ, ನಿಂತ ನೀರು ಕೊಟ್ಟು ಮುಗಿಯುವುದು ಖಾತ್ರಿ ಇಲ್ಲ. ಒಂದು ಸಲ ಮುಂದೂಡಿದ್ದನ್ನು ಜನ ಮರೆಯುತ್ತಾರೆ, ಎರಡನೇ ಸಲ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಸಾಲದ ಕಾಗದಕ್ಕೆ ಸಹಿ ಹಾಕುವವರು ನಮ್ಮ ಕಡೆ ಅದನ್ನು ನೋಡುತ್ತಾರೆ ಅಲ್ವಾ? ಅದಕ್ಕೇ ಮಧ್ಯಾಹ್ನ ಮೂರು. 14 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಎರಡು ದಿನ ಮುಚ್ಚಿ ತೆರೆದ ಸೋಮವಾರ ಬ್ಯಾಂಕಿನಲ್ಲಿ ಜನ ಜಾಸ್ತಿ. ಹಾಗಾಗಿ ಮಂಗಳವಾರ. ತಿಂಗಳ ಕೊನೆಗೆ ತಳ್ಳಿದರೆ ಲೆಕ್ಕ ಮುಗಿಸುವ ಗಲಾಟೆಯಲ್ಲಿ ಮ್ಯಾನೇಜರ್ ಸಿಗುವುದೇ ಕಷ್ಟ.

'ನಿಮಗೆ ಯಾವಾಗ ಅನುಕೂಲವೋ ಹೇಳಿ' ಅನ್ನುವುದು ಕೇಳಲು ಮರ್ಯಾದೆಯ ಮಾತು. ಆದರೆ ಮೂರು ಜನ ಮೂರು ದಿನ ಹೇಳುತ್ತಾರೆ, ಮತ್ತೆ ಮೊದಲಿನಿಂದ ಶುರು. ಮೊದಲು ಮ್ಯಾನೇಜರ್ ಒಬ್ಬರನ್ನೇ ಕೇಳಿ, ಅವರು ಒಪ್ಪಿದ ದಿನಗಳನ್ನು ಮಾತ್ರ ಆಡಿಟರ್ ಮುಂದಿಡಿ. ಯಾರಿಲ್ಲದಿದ್ದರೆ ಮೀಟಿಂಗೇ ನಡೆಯುವುದಿಲ್ಲವೋ ಅವರ ಸಮಯ ಮೊದಲು.

ಉತ್ತರ ಬರುವವರೆಗೆ ಆ ಎರಡೂ ಹೊತ್ತನ್ನು ಬೇರೆ ಯಾರಿಗೂ ಕೊಡಬೇಡಿ. ಶುಕ್ರವಾರ ಅಂತ ಗೊತ್ತಾದ ಕೂಡಲೇ ಇಬ್ಬರಿಗೂ ಒಂದೇ ಮೆಸೇಜ್ ಕಳಿಸಿ: "ಮಾರ್ಚ್ 13, ಶುಕ್ರವಾರ, ಮಧ್ಯಾಹ್ನ 3, ಬ್ಯಾಂಕಿನಲ್ಲಿ. ಮಂಗಳವಾರದ್ದು ಬೇಡ." ಈ ಕೊನೆಯ ಮಾತು ಬಿಟ್ಟರೆ ಆಡಿಟರ್ 17ನೇ ತಾರೀಕನ್ನೂ ಸುಮ್ನೆ ಖಾಲಿ ಇಟ್ಟುಕೊಂಡು ಕಾಯುತ್ತಾರೆ.

ನಮಸ್ಕಾರ.