ಪಾಂಡವಳ್ಳಿ ಎಲ್ಲಿದೆ? ಮಂಡ್ಯದ ಊರುಗಳಿಂದ ಕಲ್ಪನೆಯ ಊರು

[ತೆರೆ: ಮಳವಳ್ಳಿ, ಪಾಂಡವಪುರ, ನಾಗಮಂಗಲ, ಹಲಗೂರು, ಕಿರುಗಾವಲು]

ನಮಸ್ಕಾರ. ಮಂಡ್ಯ ಜಿಲ್ಲೆಯ ಈ ಐದು ಊರು ಸಾಕು. ನಿಮ್ಮ ಕಥೆಗೋ ಗೇಮಿಗೋ ಬೇಕಾದ ಹೆಸರುಗಳನ್ನು ಇವುಗಳಿಂದಲೇ ಹುಟ್ಟಿಸೋಣ.

ದಾರಿ ಹಳೆಯದು. 1913ರಲ್ಲಿ ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್ ಒಂದು ಕಾವ್ಯದ 20,000 ಅಕ್ಷರ ತೆಗೆದುಕೊಂಡು, ಸ್ವರ ಆದಮೇಲೆ ಎಷ್ಟು ಸಲ ವ್ಯಂಜನ ಬರುತ್ತೆ ಅಂತ ಕೂತು ಎಣಿಸಿದರು. ನಾವು ಮಾಡೋದೂ ಅದೇ ಲೆಕ್ಕ: ಯಾವ ಅಕ್ಷರ ಆದಮೇಲೆ ಯಾವುದು ಬರುತ್ತೆ ಅಂತ ಎಣಿಸಿ, ಆ ಪ್ರಕಾರ ಒಂದೊಂದೇ ಅಕ್ಷರ ಆರಿಸಿ ಸರಪಳಿಯ ಹಾಗೆ ಜೋಡಿಸುತ್ತಾ ಹೋಗೋದು.

ಆದರೆ ಕನ್ನಡದಲ್ಲಿ ಮೊದಲ ಹೆಜ್ಜೆಯಲ್ಲೇ ಒಂದು ತೊಡಕಿದೆ. ಕಂಪ್ಯೂಟರಿಗೆ ‘ಮದ್ದೂರು’ ಮೂರು ಅಕ್ಷರ ಅಲ್ಲ, ಏಳು ಚೂರು. ದ, ಅದರ ಸ್ವರ ತೆಗೆದು ಒತ್ತಕ್ಷರ ಮಾಡಿಸುವ ‘ವಿರಾಮ’ ಅನ್ನೋ ಚಿಹ್ನೆ, ಇನ್ನೊಂದು ದ, ಹೀಗೆ. ಈ ಚೂರುಗಳನ್ನೇ ಎಣಿಸಿದರೆ ದ ಆದಮೇಲೆ ವಿರಾಮ, ವಿರಾಮ ಆದಮೇಲೆ ದ, ಮತ್ತೆ ವಿರಾಮ. ಓದೋಕೇ ಆಗದ ಒತ್ತಕ್ಷರದ ಗೋಪುರ ಬೆಳೆಯುತ್ತೆ. ಅದಕ್ಕೆ ಪೂರ್ತಿ ಅಕ್ಷರಗಳಾಗಿ ಒಡೆಯಬೇಕು:

```
import re
A = r"(?:[ಕ-ಹ]\u0ccd)*[ಕ-ಹ][\u0cbe-\u0ccc]?\u0c82?|[ಅ-ಔ]\u0c82?"
re.findall(A, "ಮದ್ದೂರು")  # ['ಮ', 'ದ್ದೂ', 'ರು']
```

ಈಗ ನಮ್ಮ ಐದು ಊರಿಗೆ ಬನ್ನಿ. ‘ವ’ ಆದಮೇಲೆ ಏನೇನು ಬಂದಿದೆ? ಮಳವಳ್ಳಿಯಲ್ಲಿ ಳ್ಳಿ, ಪಾಂಡವಪುರದಲ್ಲಿ ಪು, ಕಿರುಗಾವಲಿನಲ್ಲಿ ಲು. ಮೂರಕ್ಕೂ ಸಮ ಅವಕಾಶ. ಪಾಂ, ಡ, ವ ಅಂತ ಹೊರಟು ಳ್ಳಿ ಹಿಡಿದರೆ ಪಾಂಡವಳ್ಳಿ! ‘ನಾ, ಗ’ದಿಂದ ಹೊರಟು ಲ, ಗೂ, ರು ಹಿಡಿದರೆ ನಾಗಲಗೂರು. ಬಸ್ಸಿನ ಬೋರ್ಡಿನಲ್ಲಿ ಕಂಡರೆ ಯಾರೂ ಅನುಮಾನ ಪಡಲ್ಲ, ಅಲ್ವಾ?

[ತೆರೆ: ನಾಗಮಂಗಮಂಗಮಂಗಲ]

ಇದೂ ಬರುತ್ತೆ. ‘ಗ’ ಆದಮೇಲೆ ಮಂ ಇಲ್ಲವೇ ಲ, ಅರ್ಧಕ್ಕರ್ಧ. ಮಂ ಬಿದ್ದಾಗಲೆಲ್ಲ ಮತ್ತೊಂದು ಸುತ್ತು. ಐದಾರು ಅಕ್ಷರ ದಾಟಿದ್ದನ್ನು ಸುಮ್ನೆ ಎಸೆಯಿರಿ.

ಹಾಗಾದರೆ ಹಿಂದಿನ ಎರಡು ಅಕ್ಷರ ನೋಡಿ ಮುಂದಿನದು ಆರಿಸಿದರೆ? ಸುತ್ತೋದು ನಿಲ್ಲುತ್ತೆ, ಆದರೆ ಹೊಸ ಹೆಸರೂ ನಿಲ್ಲುತ್ತೆ. ‘ಡವ’ ಆದಮೇಲೆ ಬರೀ ಪು, ‘ಮಂಗ’ ಆದಮೇಲೆ ಬರೀ ಲ. ಕೊಟ್ಟ ಐದೇ ಊರು ವಾಪಸ್ ಬರುತ್ತೆ. ಬಂದ ಹೆಸರು ಪಟ್ಟಿಯಲ್ಲೇ ಇದೆಯಾ ಅಂತ ನೋಡಿದರೆ ಗೊತ್ತಾಗುತ್ತೆ. ಎರಡಕ್ಷರದ ಲೆಕ್ಕಕ್ಕೆ ಪಟ್ಟಿ ತುಂಬಾ ದೊಡ್ಡದಿರಬೇಕು.

ಪಟ್ಟಿ ಚಿಕ್ಕದಿದ್ದಾಗ ನನಗೆ ಇಷ್ಟ ಬೆರಕೆ ದಾರಿ. ಮುಂಭಾಗ ಸರಪಳಿಯಿಂದ, ಬಾಲ ನಿಯಮದಿಂದ. ಮದ್ದೂರು ಕಡೆ ದೊಡ್ಡಿ, ನಂಜನಗೂಡು ಕಡೆ ಹುಂಡಿ, ಎಲ್ಲ ಕಡೆ ಕೊಪ್ಪಲು. ಒಂದು ರಾಜ್ಯಕ್ಕೆ ದೊಡ್ಡಿ, ಅದರ ಶತ್ರುರಾಜ್ಯಕ್ಕೆ ಹುಂಡಿ ಕೊಡಿ: ನಾಗಲದೊಡ್ಡಿ, ಪಾಂಡವಹುಂಡಿ. ಹೆಸರು ಕೇಳಿದರೇ ಯಾವ ಕಡೆಯವರು ಅಂತ ಗೊತ್ತಾಗುತ್ತೆ. ಬಾಲ ‘ಊರು’ ಆದರೆ ಲೋಪಸಂಧಿ ಮರೀಬೇಡಿ. ನಾಗಲಊರು ಅಲ್ಲ, ನಾಗಲೂರು.

ಪಾತ್ರಗಳ ಹೆಸರಿಗೆ ಬೇರೆಯೇ ಪಟ್ಟಿ ಮಾಡಿ. ಊರಿನ ಜೊತೆ ಕಲಸಿದರೆ ನಿಮ್ಮ ಸೇನಾಪತಿ ‘ನಂಜುಂಡವಳ್ಳಿ’ ಆಗಿಬಿಡ್ತಾನೆ.