ವರದಿ ತಪ್ಪಿದ ದಿನ ಏನು ಮಾಡಬೇಕು?

ಗೆಳೆಯರೇ, ಇಲ್ಲಿ ಕೂತವರಲ್ಲಿ ಕೆಎಎಸ್, ಎಫ್‌ಡಿಎ ಅಂತ ಓದುತ್ತಿರುವವರೇ ಜಾಸ್ತಿ. ಆದ್ದರಿಂದ ನಿಮ್ಮಂಥ ಇಬ್ಬರನ್ನೇ ತೆಗೆದುಕೊಳ್ಳೋಣ. ಒಬ್ಬ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದಾನೆ. ಇನ್ನೊಬ್ಬ ಊರಲ್ಲೇ ಕೆಲಸಕ್ಕೆ ಹೋಗುತ್ತಾ ಓದುತ್ತಿದ್ದಾನೆ. ದಿನಾ ರಾತ್ರಿ ಒಂಬತ್ತೂವರೆಗೆ ಒಬ್ಬರಿಗೊಬ್ಬರು ವಾಟ್ಸಾಪ್‌ನಲ್ಲಿ ವರದಿ ಹಾಕುತ್ತಾರೆ.

"ಇವತ್ತು ಚೆನ್ನಾಗಿ ಓದಿದೆ" ಅಂತ ಬರೆದರೆ ಪ್ರಯೋಜನವಿಲ್ಲ. ಗೆಳೆಯ ಅದಕ್ಕೆ ಏನು ತಾನೇ ಕೇಳಬಲ್ಲ? ಹೀಗಿರಲಿ: "ಭೂಗೋಳ, ನದಿಗಳು, 14 ಪುಟ. 40 ಪ್ರಶ್ನೆಯಲ್ಲಿ 26 ಸರಿ. ನಾಳೆ ಮೊದಲು ಶೇಕಡಾವಾರು ಲೆಕ್ಕ." ಆಗ ಅವನು "ತಪ್ಪಾದ 14 ಯಾವುವೋ?" ಅಂತ ಕೇಳುತ್ತಾನೆ.

ಮೊದಲ ವಾರ ಎಲ್ಲವೂ ಸರಾಗ. ಒಂದು ದಿನ ಏನೂ ಓದಿರುವುದಿಲ್ಲ, ನಾಚಿಕೆಯಿಂದ ವರದಿಯನ್ನೂ ಹಾಕುವುದಿಲ್ಲ. ಮರುದಿನ ಎರಡು ದಿನದ್ದು ಒಟ್ಟಿಗೆ ಹೇಳೋಣ ಅಂತ ಅನಿಸುತ್ತದೆ. ಅಲ್ಲಿಗೆ ಮಾತು ನಿಂತಿತು. ಕೆಲಸ ಆಗದಿರುವುದು ಬೇರೆ, ಹೇಳದಿರುವುದು ಬೇರೆ. ನಿಯಮ ಇರಬೇಕಾದದ್ದು ಎರಡನೆಯದಕ್ಕೆ. "ಇವತ್ತು ಸೊನ್ನೆ" ಅಂತ ಬರೆದರೂ ಅದು ಪೂರ್ತಿ ವರದಿಯೇ.

ಹತ್ತು ಗಂಟೆಯಾದರೂ ವರದಿ ಬರಲಿಲ್ಲ ಅಂದರೆ ಗೆಳೆಯ ಒಂದೇ ಸಾಲು ಹಾಕಲಿ: "ವರದಿ ಬಂದಿಲ್ಲ." ಬೈಗುಳ ಬೇಡ, ಸಮಾಧಾನವೂ ಬೇಡ. ತಪ್ಪಿಸಿದವನು ಬೆಳಿಗ್ಗೆ ಎಂಟರೊಳಗೆ ನಿನ್ನೆಯದನ್ನು ಒಂದು ಸಾಲಿನಲ್ಲಿ ಹೇಳಬೇಕು. ಉಳಿದ ಪುಟಗಳನ್ನು ಇವತ್ತಿನ ಗುರಿಗೆ ಸೇರಿಸಬಾರದು. ಸೇರಿಸಿದರೆ ಇವತ್ತೂ ಮುಗಿಯುವುದಿಲ್ಲ. ಮದುವೆ, ಜಾತ್ರೆ ಇದ್ದರೆ ಹಿಂದಿನ ದಿನವೇ ರಜೆ ಹೇಳಿಬಿಡಿ. ಅದು ತಪ್ಪಿದ ಲೆಕ್ಕಕ್ಕೆ ಬರುವುದಿಲ್ಲ.

ಸತತ ಎರಡು ದಿನ ತಪ್ಪಿದರೆ ಮೆಸೇಜ್ ಬಿಟ್ಟು ಫೋನ್ ಮಾಡಿ. ಹತ್ತು ನಿಮಿಷ ಸಾಕು. ಕೆಲಸದಿಂದ ಬರುವುದೇ ಎಂಟಾಗುತ್ತಿದೆ ಅಂತ ಗೊತ್ತಾದರೆ, ಮುಂದಿನ ಮೂರು ದಿನ 14 ಪುಟವನ್ನು 7 ಮಾಡಿ.

ತಪ್ಪಿದ್ದಕ್ಕೆ ದಂಡ ಹಾಕೋಣವಾ ಅಂತ ತುಂಬ ಜನ ಕೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ನಡೆದಿತ್ತು. ಅದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ ದಂಡ ಹಾಕಿದರು. ತಡ ಮಾಡುವವರು ಇನ್ನೂ ಹೆಚ್ಚಾದರು! ದಂಡ ತೆಗೆದ ಮೇಲೂ ಅದು ಮೊದಲಿನಂತೆ ಇಳಿಯಲಿಲ್ಲ. ಮೊದಲು ಇದ್ದ ಸಂಕೋಚದ ಜಾಗಕ್ಕೆ ದುಡ್ಡಿನ ಲೆಕ್ಕ ಬಂದಿತ್ತು. ಗೆಳೆಯರ ನಡುವೆಯೂ ಐವತ್ತು ರೂಪಾಯಿ ಕಳಿಸಿ ನಿಶ್ಚಿಂತೆಯಿಂದ ಮಲಗುವುದು ಸುಲಭ, ಅಲ್ವಾ?

ಒಂದು ತೊಡಕು ಮಾತ್ರ ಉಳಿಯುತ್ತದೆ. ಒಬ್ಬ ತಪ್ಪಿಸಿದ ಅಂತ ಇನ್ನೊಬ್ಬನೂ ಸುಮ್ನೆ ಇದ್ದುಬಿಡುತ್ತಾನೆ. ಅವನು ಹಾಕಲಿ, ಬಿಡಲಿ, ನನ್ನದು ಒಂಬತ್ತೂವರೆಗೆ ಹೋಗಲೇಬೇಕು ಅಂತ ಶುರುವಿನಲ್ಲೇ ಇಬ್ಬರೂ ಒಪ್ಪಿಕೊಂಡಿರಿ. ಇಬ್ಬರೂ ಮೂರು ದಿನ ಮೌನವಾದರೆ ಭಾನುವಾರ ಮಾತಾಡಿ, ಮುಂದುವರಿಸುವುದೋ ಬಿಡುವುದೋ ಅಂತ ಬಾಯಿಬಿಟ್ಟು ತೀರ್ಮಾನಿಸಿ.